ದಿನ ತುಂಬುವ ಮೊದಲೇ ಹುಟ್ಟಿದ ಮಗು: ತಿದ್ದಿದ ವಯಸ್ಸಿನ ಲೆಕ್ಕ ಮತ್ತು ಮೊದಲ ವರ್ಷದ ನಿದ್ದೆ

ಮಗುವಿಗೆ ಆರು ತಿಂಗಳು ತುಂಬಿದೆ. ರಾತ್ರಿ ಎರಡು ಸಲ ಹಾಲಿಗೆ ಏಳುತ್ತದೆ, ಹಗಲಲ್ಲಿ ಐದು ಸಲ ಮಲಗುತ್ತದೆ, ಒಂದೂವರೆ ಗಂಟೆ ಎಚ್ಚರವಿದ್ದರೆ ಸಾಕು ರಚ್ಚೆ ಹಿಡಿಯುತ್ತದೆ. ಆರು ತಿಂಗಳ ಮಕ್ಕಳ ನಿದ್ದೆಯ ಪಟ್ಟಿ ತೆಗೆದು ನೋಡಿದರೆ ಯಾವುದೂ ಹೊಂದುವುದಿಲ್ಲ. ಮಗು ಹತ್ತು ವಾರ ಮೊದಲೇ ಹುಟ್ಟಿದ್ದರೆ ಇಲ್ಲಿ ತಪ್ಪಿರುವುದು ನಿದ್ದೆಯಲ್ಲ, ಪಟ್ಟಿಯ ಯಾವ ಸಾಲನ್ನು ಓದಬೇಕು ಎಂಬುದು. ಆ ಮಗು ನೋಡಬೇಕಾದದ್ದು ಮೂರೂವರೆ ತಿಂಗಳ ಸಾಲು. ಅಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ.

ಈ ಬರಹ ಆ ಸಾಲನ್ನು ಹುಡುಕುವ ಬಗೆಯನ್ನು ಹೇಳುತ್ತದೆ. ಲೆಕ್ಕ ಸುಲಭ, ಆದರೆ ತಪ್ಪುವುದೂ ಅಷ್ಟೇ ಸುಲಭ. ಲೆಕ್ಕ ಸರಿಯಾದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ: ತಿದ್ದಿದ ವಯಸ್ಸನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂದು ತಿಳಿಯುವುದು.

ಮೊದಲ ಹೆಜ್ಜೆ: ಡ್ಯೂ ಡೇಟ್ ಹುಡುಕಿ

ಗರ್ಭದ 37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಎನ್ನುತ್ತಾರೆ. ಆದರೆ ವಯಸ್ಸು ತಿದ್ದುವಾಗ ಎಣಿಸಬೇಕಾದದ್ದು 37ರಿಂದಲ್ಲ, 40ರಿಂದ. ಅತಿ ಹೆಚ್ಚು ಮನೆಗಳಲ್ಲಿ ಆಗುವ ತಪ್ಪು ಇದೇ. 37 ವಾರಕ್ಕೆ ಮಗು 'ಪೂರ್ತಿ ತಿಂಗಳಿನದು' ಆಗುತ್ತದೆ ಎಂದುಕೊಂಡು 32 ವಾರಕ್ಕೆ ಹುಟ್ಟಿದ ಮಗುವಿಗೆ ಐದೇ ವಾರ ಕಳೆಯುತ್ತಾರೆ. ಕಳೆಯಬೇಕಾದದ್ದು ಎಂಟು.

ವಾರಗಳ ಗೋಜಿಗೇ ಹೋಗದ ದಾರಿಯೊಂದಿದೆ. ವೈದ್ಯರು ಕೊಟ್ಟಿದ್ದ ಡ್ಯೂ ಡೇಟ್, ಅಂದರೆ ಹೆರಿಗೆ ಆಗಬೇಕಿದ್ದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನದಿಂದ ಇವತ್ತಿನವರೆಗೆ ಎಷ್ಟು ಕಾಲವಾಗಿದೆಯೋ ಅದೇ ಮಗುವಿನ ತಿದ್ದಿದ ವಯಸ್ಸು. ಡ್ಯೂ ಡೇಟ್ ಇನ್ನೂ ಬಂದೇ ಇಲ್ಲವಾದರೆ ತಿದ್ದಿದ ವಯಸ್ಸು ಸೊನ್ನೆಗಿಂತ ಕಡಿಮೆ. ನಿದ್ದೆಯ ಮಟ್ಟಿಗೆ ಆ ಮಗು ಇನ್ನೂ ಹೊಟ್ಟೆಯಲ್ಲಿ ಇರಬೇಕಿದ್ದ ಮಗುವೇ.

ಡ್ಯೂ ಡೇಟ್ ಎರಡು ಮೂರು ಕಡೆ ಬೇರೆ ಬೇರೆಯಾಗಿ ಬರೆದಿರುವುದುಂಟು. ಮೊದಲ ಮೂರು ತಿಂಗಳೊಳಗೆ ಮಾಡಿದ ಸ್ಕ್ಯಾನ್ ಇದ್ದರೆ ಅದನ್ನು ನಂಬಿ. ಕೊನೆಯ ತಿಂಗಳುಗಳ ಸ್ಕ್ಯಾನ್ ದಿನವನ್ನು ಅಷ್ಟು ಕರಾರುವಾಕ್ಕಾಗಿ ಹೇಳಲಾರದು, ಏಕೆಂದರೆ ಆ ಹೊತ್ತಿಗೆ ಒಂದೊಂದು ಮಗು ಒಂದೊಂದು ಗಾತ್ರದಲ್ಲಿರುತ್ತದೆ. ಆರಂಭದ ಸ್ಕ್ಯಾನೂ ಇಲ್ಲ, ಮುಟ್ಟಿನ ದಿನವೂ ಗೊತ್ತಿಲ್ಲ ಎಂದಾದಾಗ ಹುಟ್ಟಿದ ಮಗುವಿನ ಚರ್ಮ, ಕಿವಿ, ಅಂಗಾಲಿನ ಗೆರೆ, ಕೈಕಾಲಿನ ಬಿಗಿ ನೋಡಿ ವಾರವನ್ನು ಅಂದಾಜು ಮಾಡುತ್ತಾರೆ. ಇದಕ್ಕೆ ಬ್ಯಾಲಾರ್ಡ್ ಸ್ಕೋರ್ ಎನ್ನುತ್ತಾರೆ. ಇದರಲ್ಲಿ ಎರಡು ವಾರ ಆಚೀಚೆ ಆಗಬಹುದು. ನಿಮ್ಮ ಮಗುವಿನ ಡಿಸ್ಚಾರ್ಜ್ ಸಮರಿಯಲ್ಲಿರುವ ವಾರ ಹೀಗೆ ಬಂದದ್ದಾದರೆ ತಿದ್ದಿದ ವಯಸ್ಸನ್ನೂ ಎರಡು ವಾರದ ಸಡಿಲಿಕೆ ಇಟ್ಟುಕೊಂಡೇ ಓದಿ.

ಒಂದು ಮಗುವಿನ ಲೆಕ್ಕ, ದಿನಾಂಕ ಸಮೇತ

ಮಾರ್ಚ್ 12ರಂದು, 29 ವಾರ 3 ದಿನಕ್ಕೆ ಹುಟ್ಟಿದ ಒಂದು ಹೆಣ್ಣು ಮಗುವನ್ನು ತೆಗೆದುಕೊಳ್ಳೋಣ. 40 ವಾರದಲ್ಲಿ 29 ವಾರ 3 ದಿನ ಕಳೆದರೆ ಉಳಿಯುವುದು 10 ವಾರ 4 ದಿನ, ಅಂದರೆ 74 ದಿನ. ಮಾರ್ಚ್ 12ಕ್ಕೆ 74 ದಿನ ಕೂಡಿಸಿದರೆ ಮೇ 25. ಅದೇ ಡ್ಯೂ ಡೇಟ್. ಕಾಗದದಲ್ಲಿರುವ ಡ್ಯೂ ಡೇಟಿಗೂ ಇದಕ್ಕೂ ಒಂದೆರಡು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಎಣಿಕೆ ತಪ್ಪಿದೆ ಎಂದು ತಿಳಿದು ಮತ್ತೊಮ್ಮೆ ಎಣಿಸಿ.

ಸೆಪ್ಟೆಂಬರ್ 12ಕ್ಕೆ ಮಗುವಿಗೆ ಹುಟ್ಟಿದ ದಿನದ ಲೆಕ್ಕದಲ್ಲಿ ಆರು ತಿಂಗಳು. ಮೇ 25ರಿಂದ ಎಣಿಸಿದರೆ ಆಗಸ್ಟ್ 25ಕ್ಕೆ ಮೂರು ತಿಂಗಳು, ಅಲ್ಲಿಂದ 18 ದಿನ. ಅಂದರೆ ತಿದ್ದಿದ ವಯಸ್ಸು ಮೂರೂವರೆ ತಿಂಗಳು. ದಿನಗಳಲ್ಲಿ ತಾಳೆ ನೋಡಬೇಕೆಂದರೆ, ಹುಟ್ಟಿ 184 ದಿನವಾಗಿದೆ, ಅದರಲ್ಲಿ 74 ಹೋದರೆ 110. ವಾರದಲ್ಲಿ ಹೇಳಿದರೆ 15 ವಾರ 5 ದಿನ.

ಇಲ್ಲಿ ಇನ್ನೆರಡು ತಪ್ಪುಗಳು ನುಸುಳುತ್ತವೆ. ತಿಂಗಳಿಗೆ ನಾಲ್ಕೇ ವಾರ ಎಂದು ಹಿಡಿದರೆ ಆರು ತಿಂಗಳ ಹೊತ್ತಿಗೆ ಎರಡು ವಾರದಷ್ಟು ಲೆಕ್ಕ ಜಾರಿರುತ್ತದೆ. ಎರಡನೆಯದು ಎರಡು ಸಲ ತಿದ್ದುವುದು. ಫೋನಿನ ಆ್ಯಪಿಗೆ ಡ್ಯೂ ಡೇಟ್ ಕೊಟ್ಟಿದ್ದರೆ ಅದು ತೋರಿಸುವ ವಯಸ್ಸು ಆಗಲೇ ತಿದ್ದಿದ್ದಾಗಿರಬಹುದು. ಅದರಿಂದ ಮತ್ತೆ ಹತ್ತು ವಾರ ಕಳೆದರೆ ಮಗು ಕಾಗದದ ಮೇಲೆ ಎರಡೂವರೆ ತಿಂಗಳು ಕಿರಿದಾಗಿಬಿಡುತ್ತದೆ. ವೈದ್ಯರು 'ಮಗು ಮೂರು ತಿಂಗಳದ್ದು' ಎಂದಾಗಲೂ ಅದು ಯಾವ ಲೆಕ್ಕದ ಮೂರು ಎಂದು ಕೇಳಿಕೊಳ್ಳಿ.

35 ಅಥವಾ 36 ವಾರಕ್ಕೆ ಹುಟ್ಟಿದ ಮಗುವಿಗೆ ಇದೆಲ್ಲ ಬೇಕೇ ಎಂದು ಕೇಳುವವರಿದ್ದಾರೆ. ಬೇಕು, ಮೊದಲ ತಿಂಗಳುಗಳಲ್ಲಂತೂ ಖಂಡಿತ ಬೇಕು. 35 ವಾರಕ್ಕೆ ಹುಟ್ಟಿದ ಮಗುವಿಗೆ ಎಂಟು ವಾರ ತುಂಬಿದಾಗ ತಿದ್ದಿದ ವಯಸ್ಸು ಮೂರೇ ವಾರ. ಎರಡು ತಿಂಗಳ ಮಗುವಿಗೂ ಮೂರು ವಾರದ ಮಗುವಿಗೂ ನಿದ್ದೆಯಲ್ಲಿ ಅಜಗಜಾಂತರ. ನೋಡಲು ದುಂಡಗೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನಲ್ಲಿ ಹೆಚ್ಚು ದಿನ ಇರದೆ ಮನೆಗೆ ಬಂದ ಇಂಥ ಮಕ್ಕಳ ವಿಷಯದಲ್ಲೇ ಲೆಕ್ಕ ಮರೆತುಹೋಗುವುದು ಹೆಚ್ಚು. ಒಂದು ವರ್ಷದ ಹೊತ್ತಿಗೆ ಆ ಐದು ವಾರ ಅಷ್ಟಾಗಿ ಕಾಣುವುದಿಲ್ಲ. ಸಾಮಾನ್ಯವಾಗಿ ಬೆಳವಣಿಗೆಯನ್ನು ಎರಡು ವರ್ಷದವರೆಗೆ ತಿದ್ದಿದ ವಯಸ್ಸಿನಿಂದಲೇ ಅಳೆಯುತ್ತಾರೆ.

ನಿದ್ದೆ ಏಕೆ ಡ್ಯೂ ಡೇಟಿನ ಬೆನ್ನು ಹಿಡಿಯುತ್ತದೆ

ಮಗು ರಾತ್ರಿ ಉದ್ದಕ್ಕೆ ಮಲಗಬೇಕಾದರೆ ಮಿದುಳಿನಲ್ಲಿ ಎರಡು ಕೆಲಸ ಆಗಬೇಕು. ಹಗಲು ರಾತ್ರಿಯ ಗಡಿಯಾರ ನೆಲೆಗೊಳ್ಳಬೇಕು, ನಿದ್ದೆಯ ಹಂತಗಳು ಬಲಿಯಬೇಕು. ಇವೆರಡೂ ಬಹುಮಟ್ಟಿಗೆ ಗರ್ಭ ನಿಂತ ದಿನದಿಂದ ಎಣಿಸಿಕೊಂಡು ಬಲಿಯುತ್ತವೆ. ಹೊರಗೆ ಬೇಗ ಬಂದ ಮಾತ್ರಕ್ಕೆ ಅವು ಬೇಗ ಮುಗಿಯುವುದಿಲ್ಲ.

ಎಳೆಯ ಮಗುವಿನ ನಿದ್ದೆ ಎರಡು ಬಗೆ. ಒಂದು ಚುರುಕು ನಿದ್ದೆ. ಅದರಲ್ಲಿ ಕಣ್ಣೆವೆಯ ಕೆಳಗೆ ಕಣ್ಣು ಓಡಾಡುತ್ತದೆ, ಮುಖ ಕಿವಿಚುತ್ತದೆ, ತುಟಿ ಚಪ್ಪರಿಸುತ್ತದೆ, ಮುಲುಕುತ್ತದೆ, ಉಸಿರು ಒಮ್ಮೆ ಜೋರು ಒಮ್ಮೆ ನಿಧಾನ. ಇನ್ನೊಂದು ಶಾಂತ ನಿದ್ದೆ. ಅದರಲ್ಲಿ ಮೈ ಸುಮ್ಮನಿರುತ್ತದೆ, ಉಸಿರು ಒಂದೇ ಹದದಲ್ಲಿ ಬರುತ್ತದೆ. ಮಗು ಎಷ್ಟು ಬೇಗ ಹುಟ್ಟಿದೆಯೋ ಅಷ್ಟು ಅದರ ನಿದ್ದೆಯಲ್ಲಿ ಚುರುಕು ನಿದ್ದೆಯ ಪಾಲು ಹೆಚ್ಚು. ಹಾಗಾಗಿ ಈ ಮಕ್ಕಳದು ಗದ್ದಲದ ನಿದ್ದೆ. ಮುಲುಕಿದ ಕೂಡಲೇ ಎದ್ದಿತು ಎಂದುಕೊಂಡು ಎತ್ತಿಕೊಳ್ಳುವುದೇ ಎಷ್ಟೋ ಮನೆಗಳಲ್ಲಿ ನಿದ್ದೆ ಮುರಿಯಲು ಕಾರಣ. ಕೈ ಹಾಕುವ ಮೊದಲು ಪಕ್ಕದಲ್ಲಿ ನಿಂತು ಒಂದೆರಡು ನಿಮಿಷ ನೋಡಿ. ಕಣ್ಣು ಮುಚ್ಚಿದೆ, ಅಳು ಏರುತ್ತಿಲ್ಲ, ಬಣ್ಣ ಸರಿಯಾಗಿದೆ ಎಂದರೆ ಮಗು ಇನ್ನೂ ನಿದ್ದೆಯಲ್ಲೇ ಇದೆ.

ಮನೆಗೆ ಬಂದ ದಿನದಿಂದ ಡ್ಯೂ ಡೇಟಿನವರೆಗೆ

ನಮ್ಮ ಉದಾಹರಣೆಯ ಮಗು ಮೇ 1ಕ್ಕೆ ಮನೆಗೆ ಬಂತು ಎನ್ನೋಣ. ಹುಟ್ಟಿ ಏಳು ವಾರ ದಾಟಿದೆ, ಆದರೆ ಗರ್ಭದ ಲೆಕ್ಕದಲ್ಲಿ 36 ವಾರ 4 ದಿನ. ಡ್ಯೂ ಡೇಟಿಗೆ ಇನ್ನೂ 24 ದಿನವಿದೆ. ಈ 24 ದಿನಗಳಲ್ಲಿ ನಿದ್ದೆಯ ಹೊತ್ತುಗೊತ್ತು ಹುಡುಕಬೇಡಿ, ಅದು ಇರುವುದೇ ಇಲ್ಲ. ಮಗು ದಿನದ ಬಹುಪಾಲು ಮಲಗಿರುತ್ತದೆ. ಹಾಲು ಕುಡಿಯುತ್ತಲೇ ತೂಕಡಿಸುತ್ತದೆ. ಕಣ್ಣು ಬಿಟ್ಟು ನೋಡುವುದು ಒಂದು ಸಲಕ್ಕೆ ಕೆಲವೇ ನಿಮಿಷ.

ಈ ಕಾಲದ ಅಪಾಯ ನಿದ್ದೆಗೆಡುವುದಲ್ಲ, ಮಲಗಿಯೇ ಇದ್ದು ಹಾಲು ತಪ್ಪಿಸಿಕೊಳ್ಳುವುದು. ಹಸಿವಾದರೆ ತಾನೇ ಏಳುತ್ತದೆ ಎಂಬ ಮಾತು ತಿಂಗಳು ತುಂಬಿ ಹುಟ್ಟಿದ, ತೂಕ ಏರುತ್ತಿರುವ ಮಗುವಿಗೆ ಸರಿ. ಈ ಮಗುವಿಗೆ ಸಲ್ಲದು. ಡಿಸ್ಚಾರ್ಜ್ ಮಾಡುವಾಗ ಎಷ್ಟು ಗಂಟೆಗೊಮ್ಮೆ ಎಂದು ಹೇಳಿರುತ್ತಾರೋ, ಹೆಚ್ಚಾಗಿ ಅದು ಮೂರು ಗಂಟೆಯ ಆಸುಪಾಸು, ಅಷ್ಟಕ್ಕೆ ಹಗಲು ರಾತ್ರಿ ಎನ್ನದೆ ಎಬ್ಬಿಸಿ ಕುಡಿಸಿ. ಎಬ್ಬಿಸುವುದಕ್ಕೂ ಹದವಿದೆ. ಮಗು ಮುಲುಕಾಡುವ ಚುರುಕು ನಿದ್ದೆಯಲ್ಲಿದ್ದಾಗ ಹೊದಿಕೆ ಸಡಿಲಿಸಿ, ಡೈಪರ್ ಬದಲಿಸಿ, ಎದೆಗೆ ಆನಿಸಿಕೊಂಡರೆ ಸುಲಭವಾಗಿ ಏಳುತ್ತದೆ. ಶಾಂತ ನಿದ್ದೆಯ ನಡುವೆ ಎಬ್ಬಿಸಲು ಹೋದರೆ ನಾಲ್ಕು ಗುಟುಕು ಕುಡಿದು ಮತ್ತೆ ಮಲಗುತ್ತದೆ. ಹತ್ತು ಹದಿನೈದು ನಿಮಿಷ ತಡೆದು ಮೈ ಅಲುಗಾಡಲು ಶುರುವಾದಾಗ ಎತ್ತಿಕೊಳ್ಳುವುದು ಒಳ್ಳೆಯದು.

ಎನ್‌ಐಸಿಯುವಿನಲ್ಲಿ ದೀಪ, ಯಂತ್ರದ ಸದ್ದು, ದಾದಿಯರ ಓಡಾಟ ಇವುಗಳ ನಡುವೆ ಮಲಗಿದ ಮಗು ಮನೆಯ ನಿಶ್ಶಬ್ದದಲ್ಲಿ ಮೊದಲ ಕೆಲವು ದಿನ ಕಸಿವಿಸಿ ಪಡಬಹುದು. ಅದಕ್ಕೆಂದು ರಾತ್ರಿಯಿಡೀ ದೀಪ ಹಾಕಿಡುವುದು ಬೇಡ. ಹಗಲಲ್ಲಿ ಕಿಟಕಿಯ ಬೆಳಕು ಮತ್ತು ಮನೆಯ ಮಾಮೂಲಿ ಸದ್ದು ಇರಲಿ. ರಾತ್ರಿ ಹಾಲು ಕುಡಿಸುವಾಗ ಮಂದ ಬೆಳಕು, ಮಾತು ಕಡಿಮೆ. ಫಲ ಕಾಣಲು ತಿಂಗಳುಗಳೇ ಬೇಕಾದರೂ ಗಡಿಯಾರ ಕಲಿಯುವುದು ಬೆಳಕು ಕತ್ತಲೆಯಿಂದಲೇ. ಎಚ್ಚರವಾಗಿರುವ ದೊಡ್ಡವರು ಮಗುವನ್ನು ಬರಿಯೆದೆಗೆ ಒರಗಿಸಿಕೊಂಡು ಕೂತರೆ ಶಾಂತ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ನಿಮಗೇ ತೂಕಡಿಕೆ ಬಂದರೆ ಮಗುವನ್ನು ಅದರ ಜಾಗದಲ್ಲಿ ಮಲಗಿಸಿಬಿಡಿ.

ಮಲಗಿಸುವ ಬಗೆ: ಇಲ್ಲಿ ತಿದ್ದಿದ ವಯಸ್ಸು ಲೆಕ್ಕಕ್ಕಿಲ್ಲ

ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ನಿದ್ದೆಯಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚು. ಆದ್ದರಿಂದ ಮನೆಯಲ್ಲಿ ಮೊದಲ ನಿದ್ದೆಯಿಂದಲೇ ಅಂಗಾತ ಮಲಗಿಸಬೇಕು, ಹಗಲ ನಿದ್ದೆಗೂ ಅಷ್ಟೇ. ಕನಿಷ್ಠ ಒಂದು ವರ್ಷದವರೆಗೆ ಹೀಗೆಯೇ.

ಇಲ್ಲಿ ಹೆತ್ತವರಿಗೆ ಒಂದು ಗೊಂದಲ ಇರುತ್ತದೆ, ಅದಕ್ಕೆ ಕಾರಣವೂ ಇದೆ. ಎನ್‌ಐಸಿಯುವಿನಲ್ಲಿ ತಮ್ಮ ಮಗು ಬೋರಲು ಮಲಗಿದ್ದನ್ನು, ಸುತ್ತ ಬಟ್ಟೆಯ ಸುರುಳಿ ಇಟ್ಟು ಗೂಡಿನಂತೆ ಮಾಡಿದ್ದನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಬೋರಲು ಮಲಗಿದಾಗ ಉಸಿರಾಟಕ್ಕೆ ಅನುಕೂಲವೆಂದು ಅಲ್ಲಿ ಹಾಗೆ ಮಾಡಿರುತ್ತಾರೆ, ಆದರೆ ಅಲ್ಲಿ ಇಡೀ ಹೊತ್ತು ಮಾನಿಟರ್ ಓಡುತ್ತಿರುತ್ತದೆ. ಮನೆಗೆ ಕಳಿಸುವ ಎಷ್ಟೋ ಮೊದಲೇ ಮಗುವನ್ನು ಅಂಗಾತ ಮಲಗಲು ರೂಢಿ ಮಾಡಿಸಬೇಕು ಎಂಬುದು ವೈದ್ಯರ ನಿಯಮ. ಆ ಸುರುಳಿ, ಗೂಡು ಯಾವುದೂ ಮನೆಯ ಹಾಸಿಗೆಗೆ ಬರಬಾರದು.

ಹಾಸಿಗೆ ಗಟ್ಟಿಯಾಗಿ, ಮಟ್ಟಸವಾಗಿರಲಿ. ದಿಂಬು, ಸಡಿಲ ಹೊದಿಕೆ, ಆಟಿಕೆ ಬೇಡ. ಹಾಲು ಕಕ್ಕುತ್ತದೆಂದು ತಲೆಯ ಕಡೆ ಎತ್ತರ ಮಾಡುವುದೂ ಬೇಡ, ಮಗು ಕೆಳಗೆ ಜಾರಿ ಗದ್ದ ಎದೆಗೆ ತಗುಲುತ್ತದೆ. ಕತ್ತಿನ ಬಿಗಿ ಕಡಿಮೆ ಇರುವ ಈ ಮಕ್ಕಳಿಗೆ ಅಷ್ಟು ಸಾಕು, ಉಸಿರುದಾರಿ ಮಡಿಚಿಕೊಳ್ಳಲು. ಕಾರಿನ ಸೀಟು, ಒರಗು ಕುರ್ಚಿ, ಉಯ್ಯಾಲೆ ಇವುಗಳಲ್ಲಿ ನಿದ್ದೆ ಹೋದರೆ ತೆಗೆದು ಮಟ್ಟಸ ಜಾಗಕ್ಕೆ ಹಾಕಬೇಕೆಂದು ಹೇಳುವುದೂ ಇದಕ್ಕೇ. ಮಗು ಮಲಗುವುದು ನಿಮ್ಮ ಕೋಣೆಯಲ್ಲೇ, ಆದರೆ ಅದರದೇ ಜಾಗದಲ್ಲಿ. ಬೇಗ ಹುಟ್ಟಿದ ಅಥವಾ ಹುಟ್ಟುವಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ದ ಮಗುವನ್ನು ದೊಡ್ಡವರ ಹಾಸಿಗೆಯಲ್ಲಿ ಜೊತೆಗೆ ಮಲಗಿಸುವುದು ಅಪಾಯ. ಬೀಡಿ ಸಿಗರೇಟಿನ ಹೊಗೆಯಂತೂ ಮನೆಯೊಳಗೇ ಬೇಡ.

ಬಟ್ಟೆ ಸುತ್ತಿ ಮಲಗಿಸುವ ಅಭ್ಯಾಸವಿದ್ದರೆ ಮಗು ಮಗುಚಿಕೊಳ್ಳಲು ಹವಣಿಸಿದ ದಿನವೇ ನಿಲ್ಲಿಸಿ. ಮಗುಚುವುದು ತಿದ್ದಿದ ವಯಸ್ಸಿಗೆ ತಕ್ಕಂತೆ ಬರುತ್ತದೆ ನಿಜ, ಆದರೆ ಇಲ್ಲಿ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ, ಮಗುವನ್ನು ನೋಡಿ.

ಹುಟ್ಟಿದ ದಿನದಿಂದಲೇ ಎಣಿಸಬೇಕಾದ ಇನ್ನೊಂದು ಸಂಗತಿ ಲಸಿಕೆ. ಮಗು ಸಣ್ಣದೆಂದು ಲಸಿಕೆಯನ್ನು ತಿದ್ದಿದ ವಯಸ್ಸಿಗೆ ಮುಂದೂಡುವಂತಿಲ್ಲ. ಲಸಿಕೆಯ ಮಾರನೆ ದಿನ ಮಗು ಹೆಚ್ಚು ಮಲಗಬಹುದು ಅಥವಾ ಕಿರಿಕಿರಿ ಮಾಡಬಹುದು. ಆ ಎರಡು ದಿನದ ನಿದ್ದೆಯನ್ನು ಯಾವ ತೀರ್ಮಾನಕ್ಕೂ ಆಧಾರ ಮಾಡಿಕೊಳ್ಳಬೇಡಿ.

ಡ್ಯೂ ಡೇಟಿನಿಂದ ಮೂರು ತಿಂಗಳು

ಮೇ 25. ನಿದ್ದೆಯ ಲೆಕ್ಕದಲ್ಲಿ ಮಗು ಇವತ್ತು ಹುಟ್ಟಿದೆ. ಇಲ್ಲಿಂದ ತಿದ್ದಿದ ಮೂರು ತಿಂಗಳವರೆಗೆ ದಿನಕ್ಕೆ ಒಟ್ಟು 14ರಿಂದ 17 ಗಂಟೆ ನಿದ್ದೆ ಎಂಬುದು ಸಾಮಾನ್ಯ ಅಂದಾಜು. ಆರಂಭದಲ್ಲಿ ಇದಕ್ಕಿಂತ ಹೆಚ್ಚು ಮಲಗುವ ಮಕ್ಕಳೂ ಇವೆ. ಒಟ್ಟು ಗಂಟೆಗಿಂತ ಅದು ಹೇಗೆ ಹಂಚಿಹೋಗಿದೆ ಎಂಬುದೇ ಹೆತ್ತವರನ್ನು ದಣಿಸುವುದು: ಎರಡು ಮೂರು ಗಂಟೆಯ ತುಂಡುಗಳು, ಹಗಲು ರಾತ್ರಿ ಒಂದೇ.

ತಿದ್ದಿದ ಆರು ವಾರದ ಸುಮಾರಿಗೆ ಸಂಜೆಯ ಅಳು ತಾರಕಕ್ಕೆ ಏರುತ್ತದೆ. ನಮ್ಮ ಮಗುವಿಗೆ ಅದು ಜುಲೈ 6ರ ಆಸುಪಾಸು. ಹುಟ್ಟಿ ನಾಲ್ಕು ತಿಂಗಳಾಗುತ್ತಾ ಬಂದಿರುತ್ತದೆ. ನಾಲ್ಕು ತಿಂಗಳಿಗೆ ಅಳು ಇಳಿಯಬೇಕಿತ್ತಲ್ಲ, ಇದಕ್ಕೇನೋ ಆಗಿದೆ ಎಂಬ ಗಾಬರಿ ಹುಟ್ಟುವುದು ಈ ಜಾಗದಲ್ಲೇ. ಮನಸ್ಸಿಟ್ಟು ನಗುವ ಮೊದಲ ನಗುವೂ ಇದೇ ಹೊತ್ತಿಗೆ ಬರುತ್ತದೆ. ಎರಡೂ ಒಂದೇ ಗಡಿಯಾರದಿಂದ ನಡೆಯುತ್ತಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಡ.

ತಿದ್ದಿದ ಎರಡರಿಂದ ಮೂರು ತಿಂಗಳ ನಡುವೆ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯೊಳಗೆ, ರಾತ್ರಿಯ ಮೊದಲ ತುಂಡು ಉದ್ದವಾಗತೊಡಗುತ್ತದೆ. ಮೂರು ಗಂಟೆಯಿದ್ದದ್ದು ನಾಲ್ಕಾಗಬಹುದು. ಆ ಉದ್ದದ ತುಂಡನ್ನು ಹಾಲಿಗಾಗಿ ಮುರಿಯಬೇಕೇ ಬೇಡವೇ ಎಂಬುದನ್ನು ವಯಸ್ಸು ಹೇಳುವುದಿಲ್ಲ, ತೂಕ ಹೇಳುತ್ತದೆ. ತೂಕದ ಗೆರೆ ಚೆನ್ನಾಗಿ ಏರುತ್ತಿದೆ, ಇನ್ನು ಎಬ್ಬಿಸಬೇಕಿಲ್ಲ ಎಂದು ವೈದ್ಯರು ಹೇಳುವವರೆಗೆ ಎಬ್ಬಿಸಿ. ಹೆಚ್ಚು ಹೊತ್ತು ಮಲಗಲೆಂದು ಬಾಟಲಿ ಹಾಲಿಗೆ ಧಾನ್ಯದ ಪುಡಿ ಬೆರೆಸುವುದನ್ನು ಮಾಡಲೇಬೇಡಿ. ನಿದ್ದೆ ಅದರಿಂದ ಉದ್ದವಾಗುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಮಾತ್ರ ಬರುತ್ತದೆ.

ಆರು ತಿಂಗಳು ತುಂಬಿದ ದಿನ: ಒಂದು ದಿನಚರಿ ಓದುವುದು

ಈಗ ಸೆಪ್ಟೆಂಬರ್ 12ಕ್ಕೆ ಬರೋಣ. ಮಗುವಿನ ನಿದ್ದೆ ಸರಿಯಿದೆಯೇ ಎಂದು ತಿಳಿಯಲು ಮೂರು ದಿನ ಬರೆದಿಡಿ. ಮಲಗಿದ ಹೊತ್ತು, ಎದ್ದ ಹೊತ್ತು, ಹಾಲು ಕುಡಿದ ಹೊತ್ತು ಇಷ್ಟು ಸಾಕು. ಒಂದು ದಿನದ ಬರಹ ಹೀಗಿದೆ ಎಂದುಕೊಳ್ಳಿ.

ರಾತ್ರಿ 8:15ಕ್ಕೆ ಮಲಗಿ 12:15ಕ್ಕೆ ಎದ್ದು ಹಾಲು. 12:45ರಿಂದ 3:45ರವರೆಗೆ ನಿದ್ದೆ, ಮತ್ತೆ ಹಾಲು. 4:15ರಿಂದ 6:30ರವರೆಗೆ ನಿದ್ದೆ. ಹಗಲಲ್ಲಿ 8:00ರಿಂದ 8:40, 10:15ರಿಂದ 11:30, 1:15ರಿಂದ 2:45, 4:30ರಿಂದ 5:10, ಕೊನೆಗೆ 6:30ರಿಂದ 7:00.

ರಾತ್ರಿಯದು ಕೂಡಿಸಿದರೆ 9 ಗಂಟೆ 15 ನಿಮಿಷ, ಹಗಲಿನದು 4 ಗಂಟೆ 35 ನಿಮಿಷ. ಒಟ್ಟು 13 ಗಂಟೆ 50 ನಿಮಿಷ. ಮೂರು ತಿಂಗಳವರೆಗೆ 14ರಿಂದ 17, ನಾಲ್ಕು ತಿಂಗಳಿಂದ ಒಂದು ವರ್ಷದವರೆಗೆ 12ರಿಂದ 16 ಗಂಟೆ ಎಂಬುದು ವಾಡಿಕೆಯ ಅಳತೆ. ಮೂರೂವರೆ ತಿಂಗಳು ಈ ಎರಡರ ನಡುವಿನ ಕಾಲ, ಹಾಗಾಗಿ ಈ ಮೊತ್ತಕ್ಕೆ ಕೊರತೆಯಿಲ್ಲ. ಅತಿ ಉದ್ದದ ತುಂಡು ನಾಲ್ಕು ಗಂಟೆ, ಅದೂ ರಾತ್ರಿಯ ಮೊದಲ ಭಾಗದಲ್ಲೇ ಬಂದಿದೆ. ಹಗಲು ರಾತ್ರಿ ಬೇರ್ಪಡುತ್ತಿವೆ ಎಂದರ್ಥ. ಎಚ್ಚರದ ಹೊತ್ತುಗಳನ್ನು ನೋಡಿದರೆ ಒಂದೂಕಾಲು ಗಂಟೆಯಿಂದ ಒಂದೂಮುಕ್ಕಾಲು ಗಂಟೆ. ಮೂರೂವರೆ ತಿಂಗಳಿಗೆ ಇದು ಸಲೀಸು.

ಇದೇ ದಿನಚರಿಯನ್ನು ಆರು ತಿಂಗಳ ಪಟ್ಟಿಯ ಪಕ್ಕ ಇಟ್ಟವರು ಹಗಲ ನಿದ್ದೆ ಮೂರಕ್ಕೆ ಇಳಿಯಬೇಕು, ನಡುವೆ ಎರಡು ಎರಡೂವರೆ ಗಂಟೆ ಎಚ್ಚರವಿರಬೇಕು ಎಂದು ಓದಿ, ತೂಕಡಿಸುವ ಮಗುವನ್ನು ಆಟವಾಡಿಸಿ ಎಚ್ಚರ ಇಡುತ್ತಾರೆ. ಎರಡನೇ ದಿನಕ್ಕೇ ಅದರ ಫಲ ಕಾಣುತ್ತದೆ. ಹಗಲ ನಿದ್ದೆಗಳು ಅರ್ಧ ಗಂಟೆಗೆ ಮುರಿಯುತ್ತವೆ, ಸಂಜೆ ಎತ್ತಿಕೊಂಡರೂ ಅಳು ನಿಲ್ಲುವುದಿಲ್ಲ, ಹಾಲಿನ ಮಧ್ಯೆಯೇ ದಣಿದು ಮಲಗಿ ಹೊಟ್ಟೆ ತುಂಬದೆ ಏಳುತ್ತದೆ. ಅತಿಯಾಗಿ ದಣಿದ ಮಗು ಚೆನ್ನಾಗಿ ಮಲಗುವುದಿಲ್ಲ, ಕೋಳಿನಿದ್ದೆ ಮಾಡುತ್ತದೆ. ಹಾಗಾಗಿದ್ದರೆ ಎಚ್ಚರದ ಹೊತ್ತನ್ನು ಹಿಂದಿನ ಒಂದೂವರೆ ಗಂಟೆಗೆ ತನ್ನಿ, ಐದನೆಯ ಪುಟ್ಟ ನಿದ್ದೆಯನ್ನು ಮತ್ತೆ ಕೊಡಿ. ಎರಡು ಮೂರು ದಿನದಲ್ಲಿ ಸಂಜೆ ತಿಳಿಯಾಗುತ್ತದೆ. ಎಚ್ಚರದ ಹೊತ್ತಿನ ಈ ಅಂಕಿಗಳು ಅಂದಾಜು ಮಾತ್ರ. ದೃಷ್ಟಿ ಎಲ್ಲೋ ನೆಟ್ಟುಹೋಗುವುದು, ಮುಖ ತಿರುಗಿಸುವುದು, ಬೆರಳು ಬಿಡಿಸಿ ಕೈ ಚಾಚುವುದು, ಬಿಕ್ಕಳಿಕೆ ಇವು ಗಡಿಯಾರಕ್ಕಿಂತ ಮೊದಲೇ ದಣಿವನ್ನು ಹೇಳುತ್ತವೆ. ಬೇಗ ಹುಟ್ಟಿದ ಮಕ್ಕಳಲ್ಲಿ ಆಕಳಿಕೆಗಿಂತ ಇವೇ ಮುಂದಾಗಿ ಕಾಣುವುದುಂಟು.

ತಿದ್ದಿದ ನಾಲ್ಕು ತಿಂಗಳ ತಿರುವು

ಅದುವರೆಗೆ ಮಗು ಚುರುಕು ನಿದ್ದೆಯ ಮೂಲಕವೇ ನಿದ್ದೆಗೆ ಜಾರುತ್ತಿತ್ತು. ತಿದ್ದಿದ ಮೂರು ನಾಲ್ಕು ತಿಂಗಳ ಹೊತ್ತಿಗೆ ಅದು ಬದಲಾಗಿ ದೊಡ್ಡವರಂತೆ ಶಾಂತ ನಿದ್ದೆಯ ಮೂಲಕ ಒಳಹೋಗಲು ಕಲಿಯುತ್ತದೆ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಅರೆ ಎಚ್ಚರವಾಗುವುದು ಈಗ ಎದ್ದು ಕಾಣುತ್ತದೆ. ನಾಲ್ಕು ಗಂಟೆ ಮಲಗುತ್ತಿದ್ದ ಮಗು ಎರಡು ಗಂಟೆಗೊಮ್ಮೆ ಏಳತೊಡಗುತ್ತದೆ. ನಮ್ಮ ಮಗುವಿಗೆ ಇದು ಸೆಪ್ಟೆಂಬರ್ ಕೊನೆಗೆ, ಹುಟ್ಟಿದ ಲೆಕ್ಕದಲ್ಲಿ ಆರೂವರೆ ತಿಂಗಳಿಗೆ ಬರಬಹುದು. ಅಷ್ಟರಲ್ಲಿ ಸುತ್ತಲಿನವರು 'ನಾಲ್ಕು ತಿಂಗಳಿಗೆ ಏನೂ ಆಗಲಿಲ್ಲವಲ್ಲ, ನೀವು ಪುಣ್ಯವಂತರು' ಎಂದು ಹೇಳಿ ಆಗಿರುತ್ತದೆ. ಈಗ ಅದು ಹಲ್ಲಿನಿಂದ, ಹೊಸ ಆಹಾರದಿಂದ ಎಂದೆಲ್ಲ ಕಾರಣ ಹುಡುಕುತ್ತಾರೆ. ಹೆಚ್ಚಾಗಿ ಅದು ಮಿದುಳು ಬಲಿತದ್ದರ ಗುರುತು, ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತದೆ.

ಮಗು ತಾನೇ ನಿದ್ದೆಗೆ ಜಾರಲು ಕಲಿಯಲಿ ಎಂಬ ಯಾವುದೇ ಪದ್ಧತಿಗೆ ಕೈ ಹಾಕುವುದಿದ್ದರೆ, ಅಳಲು ಬಿಟ್ಟು ಕಾಯುವ ಬಗೆಯದಂತೂ, ತಿದ್ದಿದ ಆರು ತಿಂಗಳವರೆಗೆ ತಡೆಯುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಈ ಮಗುವಿಗೆ ಅದು ನವೆಂಬರ್ 25. ಅದಕ್ಕೂ ಮೊದಲು ತೂಕ, ಉಸಿರಾಟ ಎರಡೂ ಸರಿಯಿವೆ ಎಂದು ವೈದ್ಯರು ಒಪ್ಪಿರಬೇಕು. ಮನೆಯಲ್ಲೂ ಆಮ್ಲಜನಕ ಬೇಕಾಗಿರುವ, ಶ್ವಾಸಕೋಶದ ತೊಂದರೆ ಉಳಿದಿರುವ ಮಗುವಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ವೈದ್ಯರ ಮಾತೇ ಅಂತಿಮ.

ಅಲ್ಲಿಂದ ಮೊದಲ ಹುಟ್ಟುಹಬ್ಬದವರೆಗೆ

ತಿದ್ದಿದ ಆರರಿಂದ ಒಂಬತ್ತು ತಿಂಗಳ ನಡುವೆ ಹಗಲ ನಿದ್ದೆ ಮೂರರಿಂದ ಎರಡಕ್ಕೆ ಇಳಿಯುತ್ತದೆ. ಆಗಲೂ ರಾತ್ರಿ ಒಂದೆರಡು ಸಲ ಹಾಲಿಗೆ ಏಳುವುದು ಅಪರೂಪವಲ್ಲ. ತೂಕ ಇನ್ನೂ ಕೂಡಿಕೊಳ್ಳಬೇಕಾದ ಮಗುವಿನ ರಾತ್ರಿ ಹಾಲನ್ನು ನಿಮ್ಮಷ್ಟಕ್ಕೆ ನೀವೇ ಬಿಡಿಸಬೇಡಿ. ನಿದ್ದೆಯಲ್ಲಿ ವಿಪರೀತ ಹೊರಳಾಟ, ಮುಖ ಬಿಳಿಚಿಕೊಂಡಿರುವುದು ಕಂಡರೆ ಕಬ್ಬಿಣದಂಶದ ಬಗ್ಗೆ ವೈದ್ಯರನ್ನು ಕೇಳಿ. ತಾಯಿಯಿಂದ ಮಗುವಿಗೆ ಕಬ್ಬಿಣ ಹೆಚ್ಚಾಗಿ ಸೇರುವುದು ಗರ್ಭದ ಕೊನೆಯ ಮೂರು ತಿಂಗಳಲ್ಲಿ. ಬೇಗ ಹುಟ್ಟಿದ ಮಗುವಿಗೆ ಆ ಕೂಡಿಟ್ಟ ಗಂಟು ಸಿಕ್ಕಿರುವುದಿಲ್ಲ. ಬರೆದುಕೊಟ್ಟ ಕಬ್ಬಿಣದ ಹನಿಯನ್ನು ಮಲ ಕಪ್ಪಾಯಿತೆಂದು ನಿಲ್ಲಿಸುವವರಿದ್ದಾರೆ. ಮಲ ಕಪ್ಪಾಗುವುದು ಆ ಔಷಧದ ಸಹಜ ಗುಣ.

ತಿದ್ದಿದ ಎಂಟರಿಂದ ಹತ್ತು ತಿಂಗಳಲ್ಲಿ ಅಮ್ಮ ಕಣ್ಮರೆಯಾದರೆ ಅಳುವ ಕಾಲ ಬರುತ್ತದೆ, ರಾತ್ರಿಯ ಏಳುವಿಕೆ ಮತ್ತೆ ಹೆಚ್ಚುತ್ತದೆ. ನಮ್ಮ ಮಗುವಿಗೆ ಇದು ಜನವರಿ ಕೊನೆಯಿಂದ ಮಾರ್ಚ್ ಕೊನೆಯವರೆಗೆ. ಅಂದರೆ ಮಾರ್ಚ್ 12ರ ಮೊದಲ ಹುಟ್ಟುಹಬ್ಬ ಸರಿಯಾಗಿ ಇದರ ನಡುವೆ ಬೀಳುತ್ತದೆ. ಆ ದಿನ ಅದರ ತಿದ್ದಿದ ವಯಸ್ಸು ಒಂಬತ್ತೂವರೆ ತಿಂಗಳು. ವರ್ಷದ ಮಗು ಎಂದು ಹಗಲ ನಿದ್ದೆಯನ್ನು ಒಂದಕ್ಕೆ ಇಳಿಸಲು ಹೋಗಬೇಡಿ. ಅದು ಸಾಮಾನ್ಯವಾಗಿ ತಿದ್ದಿದ ಹದಿಮೂರರಿಂದ ಹದಿನೆಂಟು ತಿಂಗಳ ಮಾತು.

ಯಾವಾಗ ಲೆಕ್ಕ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು

ಚಿಕ್ಕದೆಂದು, ತಿದ್ದಿದ ವಯಸ್ಸು ಕಡಿಮೆಯೆಂದು ಕೆಲವು ಗುರುತುಗಳನ್ನು ಸಮಾಧಾನ ಮಾಡಿಕೊಂಡು ಬಿಡುವುದುಂಟು. ಅದು ಕೂಡದು. ಮಲಗಿದ ಮಗು ಐದು ಹತ್ತು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ತಾನೇ ಆಡುವುದು ಎಳೆಯ ಮಕ್ಕಳಲ್ಲಿ ಸಾಮಾನ್ಯ. ಆದರೆ ಉಸಿರು 20 ಸೆಕೆಂಡ್ ನಿಂತರೆ, ಅಥವಾ ಎಷ್ಟೇ ಹೊತ್ತು ನಿಂತರೂ ಜೊತೆಗೆ ತುಟಿ ಮುಖ ನೀಲಿಯೋ ಬೂದಿಯೋ ಆದರೆ, ಮೈ ಜೋತುಬಿದ್ದರೆ ಕೂಡಲೇ ತುರ್ತು ಚಿಕಿತ್ಸೆ ಬೇಕು. ನಿದ್ದೆಯ ಮುಲುಕಾಟ ಬಂದು ಹೋಗುತ್ತದೆ, ಮೈಮುರಿಯುವುದರ ಜೊತೆಗಿರುತ್ತದೆ. ಪ್ರತಿ ಉಸಿರಿಗೂ ನರಳಿಕೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದುಕೊಳ್ಳುವುದು ಕಂಡರೆ ಅದು ನಿದ್ದೆಯ ಸದ್ದಲ್ಲ, ಉಸಿರಾಟದ ಕಷ್ಟ.

ಎಬ್ಬಿಸಿದರೂ ಏಳದೆ ಎರಡು ಹೊತ್ತಿನ ಹಾಲು ತಪ್ಪಿದರೆ, ಒದ್ದೆ ಡೈಪರ್‌ಗಳು ಇದ್ದಕ್ಕಿದ್ದಂತೆ ಕಡಿಮೆಯಾದರೆ, ಮೈ ಬಿಸಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಎದೆಗೆ ಅಪ್ಪಿ ಬೆಚ್ಚಗೆ ಮಾಡಿದರೂ 36.5ಕ್ಕಿಂತ ಮೇಲೇರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ವೈದ್ಯರ ಹತ್ತಿರ ಹೋದಾಗ ಮೊದಲ ಮಾತಿಗೇ ಎರಡೂ ವಯಸ್ಸು ಹೇಳಿ: 'ಹುಟ್ಟಿ ಹದಿನಾರು ವಾರ, 29 ವಾರಕ್ಕೆ ಹುಟ್ಟಿದ್ದು, ತಿದ್ದಿದ ವಯಸ್ಸು ಐದೂವರೆ ವಾರ.' ಮೂರು ದಿನ ಬರೆದಿಟ್ಟ ನಿದ್ದೆಯ ಚೀಟಿ ಕೈಯಲ್ಲಿರಲಿ.